ಆಕ್ಷನ್ ಪೊಟೆನ್ಶಿಯಲ್ ಗ್ರಾಫ್: ಮೊದಲು ಎರಡು ಅಡ್ಡಗೆರೆ ಎಳೆಯಿರಿ

ನರದ ಆಕ್ಷನ್ ಪೊಟೆನ್ಶಿಯಲ್ ಗ್ರಾಫನ್ನು ತುಂಬಾ ಜನ ಚಿತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ. ಸಪಾಟು ಗೆರೆ, ಸಣ್ಣ ಏರು, ಚೂಪಾದ ಶಿಖರ, ಇಳಿತ, ಕೊನೆಗೊಂದು ತಗ್ಗು. ಬರೆಯಲೇನೋ ಬರುತ್ತದೆ. ಆದರೆ ವೈವಾದಲ್ಲಿ 'ಹೊರಗಿನ ಸೋಡಿಯಂ ಅರ್ಧಕ್ಕೆ ಇಳಿದರೆ ಈ ಗ್ರಾಫ್ ಹೇಗಿರುತ್ತದೆ?' ಎಂದು ಕೇಳಿದರೆ ಪೆನ್ನು ಅಲ್ಲೇ ನಿಲ್ಲುತ್ತದೆ. ಗ್ರಾಫ್ ಹಾಳೆ, ಪೆನ್ಸಿಲ್ ತಗೊಳ್ಳಿ. ಈ ಸಲ ವಕ್ರರೇಖೆಯನ್ನು ಕೊನೆಗೆ ಬರೆಯೋಣ.

ಮೊದಲ ಹೆಜ್ಜೆ: ನೆಲ ಮತ್ತು ಚಾವಣಿ

ಅಡ್ಡ ಅಕ್ಷದಲ್ಲಿ ಸಮಯ, 0 ಯಿಂದ 5 ಮಿಲಿಸೆಕೆಂಡ್. ಲಂಬ ಅಕ್ಷದಲ್ಲಿ ಪೊರೆಯ ವೋಲ್ಟೇಜ್, −100 ರಿಂದ +70 ಮಿಲಿವೋಲ್ಟ್. ಹೊರಗಿಗೆ ಹೋಲಿಸಿದರೆ ಒಳಗೆ ಎಷ್ಟು ಎಂಬ ಲೆಕ್ಕ ಇದು, ಹಾಗಾಗಿ ಮೈನಸ್ ಅಂದರೆ ಒಳಗೆ ಋಣ.

ಈಗ ನರ್ನ್ಸ್ಟ್ ಸೂತ್ರ. ದೇಹದ ಉಷ್ಣತೆಯಲ್ಲಿ, ಒಂದು ಧನ ಚಾರ್ಜ್ ಇರುವ ಅಯಾನಿಗೆ ಅದು ಇಷ್ಟೇ:

```
E = 61 × log10 (ಹೊರಗಿನ ಸಾಂದ್ರತೆ / ಒಳಗಿನ ಸಾಂದ್ರತೆ)

K+  : 61 × log10 (4 / 140)   = −94 mV
Na+ : 61 × log10 (142 / 14)  = +61 mV
```

−94 ರಲ್ಲಿ ಒಂದು ಅಡ್ಡಗೆರೆ, +61 ರಲ್ಲಿ ಇನ್ನೊಂದು. ಪೊರೆಯಲ್ಲಿ ಪೊಟ್ಯಾಸಿಯಂಗೆ ಮಾತ್ರ ದಾರಿ ಇದ್ದರೆ ವೋಲ್ಟೇಜ್ ಕೆಳಗಿನ ಗೆರೆಗೆ ಹೋಗಿ ನಿಲ್ಲುತ್ತದೆ, ಸೋಡಿಯಂಗೆ ಮಾತ್ರ ದಾರಿ ಇದ್ದರೆ ಮೇಲಿನ ಗೆರೆಗೆ. ನಿಜವಾದ ವೋಲ್ಟೇಜ್ ಯಾವಾಗಲೂ ಇವೆರಡರ ಮಧ್ಯೆ ಇರುತ್ತದೆ, ಮತ್ತು ಆ ಕ್ಷಣ ಯಾವ ಅಯಾನಿಗೆ ಜಾಸ್ತಿ ದಾರಿ ತೆರೆದಿದೆಯೋ ಅದರ ಗೆರೆಯ ಕಡೆಗೆ ವಾಲುತ್ತದೆ. ಮುಂದಿನ ಇಡೀ ಗ್ರಾಫ್‌ಗೆ ಈ ಒಂದು ನಿಯಮ ಸಾಕು.

ಸುಮ್ಮನಿರುವ ನರತಂತು −70 ರಲ್ಲಿ ಇರುತ್ತದೆ. −94 ಯಾಕಲ್ಲ? ಪೊಟ್ಯಾಸಿಯಂ ಸೋರುವ ದಾರಿ ದೊಡ್ಡದು ನಿಜ, ಆದರೆ ಸೋಡಿಯಂ ಕೂಡ ಚೂರು ಒಳಗೆ ಸೋರುತ್ತಿರುತ್ತದೆ. ಅದು ವೋಲ್ಟೇಜನ್ನು ನೆಲದಿಂದ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದಿದೆ.

ಎರಡನೇ ಹೆಜ್ಜೆ: ಬಿಂದುಗಳು

ಈ ಮಾದರಿ ಅಂಕಿಗಳನ್ನು ಗುರುತಿಸಿ, ನಯವಾಗಿ ಸೇರಿಸಿ. ತಂತುವಿನಿಂದ ತಂತುವಿಗೆ ಇವು ಬದಲಾಗುತ್ತವೆ, ಆಕಾರ ಮುಖ್ಯ.

| ಸಮಯ (ಮಿಲಿಸೆಕೆಂಡ್) | ವೋಲ್ಟೇಜ್ (ಮಿಲಿವೋಲ್ಟ್) |
|---|---|
| 0 | −70 |
| 0.5 | −70 (ಪ್ರಚೋದನೆ ಶುರು) |
| 0.8 | −55 (ಥ್ರೆಶೋಲ್ಡ್) |
| 1.0 | +35 (ಶಿಖರ) |
| 1.3 | −10 |
| 1.6 | −70 |
| 2.0 | −80 (ತಗ್ಗು) |
| 4.0 | −70 |

0.5 ರಿಂದ 0.8 ರವರೆಗಿನ ಏರನ್ನು ಕಡಿದಾಗಿ ಬರೆಯಬೇಡಿ. ಅಲ್ಲಿ ಹೊರಗಿನ ಪ್ರಚೋದನೆ ವೋಲ್ಟೇಜನ್ನು ನಿಧಾನಕ್ಕೆ ತಳ್ಳುತ್ತಿದೆ, ನರ ಇನ್ನೂ ತಾನಾಗಿ ಹೊರಟಿಲ್ಲ. −60 ರಲ್ಲಿ ತಳ್ಳುವುದನ್ನು ಬಿಟ್ಟರೆ ವೋಲ್ಟೇಜ್ ವಾಪಸ್ ಇಳಿಯುತ್ತದೆ. −55 ದಾಟಿದ ಮೇಲೆ ಪ್ರಚೋದನೆ ಇದ್ದರೆಷ್ಟು, ಬಿಟ್ಟರೆಷ್ಟು. ಗ್ರಾಫ್ ಅಲ್ಲಿಂದ ನೆಟ್ಟಗೆ ಮೇಲೇರುತ್ತದೆ.

ಮೂರನೇ ಹೆಜ್ಜೆ: ಕೆಳಗೆ ಇನ್ನೊಂದು ಗ್ರಾಫ್

ಅದೇ ಸಮಯದ ಅಕ್ಷ ಇಟ್ಟುಕೊಂಡು ಕೆಳಗೆ ಎರಡನೇ ಗ್ರಾಫ್ ಬರೆಯಿರಿ. ಇದರ ಲಂಬ ಅಕ್ಷ ಕಂಡಕ್ಟೆನ್ಸ್, ಅಂದರೆ ಆ ಅಯಾನಿಗೆ ಎಷ್ಟು ದಾರಿ ತೆರೆದಿದೆ ಎಂಬುದು. ಸೋಡಿಯಂ ಗೆರೆ 0.8 ರಲ್ಲಿ ಥಟ್ಟನೆ ಏರಿ, ಶಿಖರದ ಆಸುಪಾಸಿನಲ್ಲಿ ತನ್ನ ಗರಿಷ್ಠ ತಲುಪಿ, 1.6 ರ ಹೊತ್ತಿಗೆ ನೆಲಕ್ಕೆ ಬೀಳಲಿ. ಪೊಟ್ಯಾಸಿಯಂ ಗೆರೆ ತಡವಾಗಿ, ನಿಧಾನವಾಗಿ ಏರಲಿ. ಸೋಡಿಯಂ ಇಳಿಯುವಾಗ ಅದು ಮೇಲಿರಬೇಕು, ಮತ್ತು 1.6 ದಾಟಿದ ಮೇಲೂ ಒಂದಷ್ಟು ಹೊತ್ತು ಪೂರ್ತಿ ಇಳಿದಿರಬಾರದು.

ಸೋಡಿಯಂ ಚಾನೆಲ್‌ಗೆ ಎರಡು ಗೇಟ್ ಇವೆ. ವೋಲ್ಟೇಜ್ ಏರಿದಾಗ ಒಂದು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಎರಡಕ್ಕೂ ಸಿಗುವ ಸೂಚನೆ ಒಂದೇ, ಆದರೆ ತೆರೆಯುವ ಗೇಟ್ ಚುರುಕು, ಮುಚ್ಚುವ ಗೇಟ್ ನಿಧಾನ. ಈ ಎರಡರ ನಡುವೆ ಸಿಗುವ ಒಂದು ಮಿಲಿಸೆಕೆಂಡಿಗೂ ಕಮ್ಮಿ ಅವಧಿಯಲ್ಲೇ ಸೋಡಿಯಂ ಒಳನುಗ್ಗುವುದು. ಒಳಬಂದ ಸೋಡಿಯಂ ವೋಲ್ಟೇಜನ್ನು ಇನ್ನಷ್ಟು ಏರಿಸುತ್ತದೆ, ಅದರಿಂದ ಇನ್ನಷ್ಟು ಚಾನೆಲ್‌ಗಳು ತೆರೆಯುತ್ತವೆ, ಇನ್ನಷ್ಟು ಸೋಡಿಯಂ ಬರುತ್ತದೆ. ಡಿಪೋಲರೈಸೇಷನ್ ಅಷ್ಟು ಕಡಿದಾಗಿರುವುದು ಇದಕ್ಕೇ. ಪೊಟ್ಯಾಸಿಯಂ ಚಾನೆಲ್‌ಗೆ ಅದೇ ಸೂಚನೆ ಸಿಕ್ಕರೂ ಅದು ಏಳುವುದೇ ತಡ.

ಈಗ ಮೇಲಿನ ಗ್ರಾಫನ್ನು ಮತ್ತೆ ನೋಡಿ. ಶಿಖರ +61 ರವರೆಗೆ ಹೋಗದೆ +35 ಕ್ಕೇ ನಿಂತದ್ದು ಯಾಕೆ? ಅಷ್ಟರಲ್ಲಿ ಸೋಡಿಯಂ ಗೇಟ್ ಮುಚ್ಚತೊಡಗಿತು, ಪೊಟ್ಯಾಸಿಯಂ ದಾರಿಯೂ ತೆರೆಯತೊಡಗಿತು. ರಿಪೋಲರೈಸೇಷನ್‌ನಲ್ಲಿ ಪೊಟ್ಯಾಸಿಯಂ ಗೆಲ್ಲುತ್ತದೆ, ಹಾಗಾಗಿ ವೋಲ್ಟೇಜ್ ನೆಲದ ಕಡೆಗೆ ಓಡುತ್ತದೆ. −80 ರ ತಗ್ಗು ಬರುವುದು ಸುಮ್ಮನಿದ್ದಾಗ ಇರುವುದಕ್ಕಿಂತ ಜಾಸ್ತಿ ಪೊಟ್ಯಾಸಿಯಂ ದಾರಿ ಇನ್ನೂ ತೆರೆದೇ ಇರುವುದರಿಂದ. ಅವು ಮುಚ್ಚಿದ ಹಾಗೆ −70 ಕ್ಕೆ ಮರಳುತ್ತದೆ.

ಇಲ್ಲಿ ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಒಂದು ತಪ್ಪಿದೆ: 'ಸೋಡಿಯಂ–ಪೊಟ್ಯಾಸಿಯಂ ಪಂಪ್ ರಿಪೋಲರೈಸೇಷನ್ ಮಾಡುತ್ತದೆ.' ಮಾಡುವುದಿಲ್ಲ. ಒಂದು ಸಲದ ಆಕ್ಷನ್ ಪೊಟೆನ್ಶಿಯಲ್‌ನಲ್ಲಿ ದಾಟುವ ಅಯಾನುಗಳು ಎಷ್ಟು ಕಮ್ಮಿ ಎಂದರೆ, ದಪ್ಪ ತಂತುವಿನಲ್ಲಿ ಒಳಗಿನ 14, 140 ಎಂಬ ಅಂಕಿಗಳು ಅಲುಗುವುದೇ ಇಲ್ಲ. ಪಂಪ್ ನಿಲ್ಲಿಸಿದರೂ ಅಂಥ ತಂತು ಸಾವಿರಾರು ಸಂಕೇತ ಕಳಿಸಬಲ್ಲದು. ಪಂಪ್‌ನದು ದೀರ್ಘಾವಧಿಯ ಕೆಲಸ: ಎರಡು ಅಡ್ಡಗೆರೆಗಳನ್ನು ಅವುಗಳ ಜಾಗದಲ್ಲಿ ಉಳಿಸುವುದು.

ವೈವಾದ ಪ್ರಶ್ನೆಗೂ ಈಗ ಉತ್ತರ ಇದೆ. ಹೊರಗಿನ ಸೋಡಿಯಂ 142 ರ ಬದಲು 71 ಆದರೆ, 61 × log10(71/14) ಅಂದರೆ ಸುಮಾರು +43. ಚಾವಣಿ ಕೆಳಗೆ ಬಂತು, ಶಿಖರವೂ ಕೆಳಗೆ ಬರುತ್ತದೆ, ಏರು ನಿಧಾನವಾಗುತ್ತದೆ. −70 ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. 1949ರಲ್ಲಿ ಹಾಡ್ಜ್‌ಕಿನ್ ಮತ್ತು ಕಾಟ್ಜ್ ಸ್ಕ್ವಿಡ್‌ನ ದೈತ್ಯ ಆಕ್ಸಾನ್‌ನಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಹೊರಗಿನ ಪೊಟ್ಯಾಸಿಯಂ 4 ರಿಂದ 8 ಆದರೆ ಏನಾಗುತ್ತದೆ, ನೀವೇ ಮಾಡಿ ನೋಡಿ. ನೆಲ −76 ಕ್ಕೆ ಏರಬೇಕು, ಜೊತೆಗೆ −70 ಕೂಡ ಮೇಲಕ್ಕೆ ಜರುಗಬೇಕು.

ನಾಲ್ಕನೇ ಹೆಜ್ಜೆ: ರಿಫ್ರಾಕ್ಟರಿ ಅವಧಿಗೆ ಬಣ್ಣ

ಥ್ರೆಶೋಲ್ಡ್‌ನಿಂದ ರಿಪೋಲರೈಸೇಷನ್‌ನ ಮೂರನೇ ಒಂದು ಭಾಗ ಮುಗಿಯುವವರೆಗೆ ಗಾಢ ಬಣ್ಣ ಹಚ್ಚಿ. ಇದು ಅಬ್ಸಲ್ಯೂಟ್ ರಿಫ್ರಾಕ್ಟರಿ ಅವಧಿ. ಮೊದಲು ಚಾನೆಲ್‌ಗಳು ಆಗಲೇ ತೆರೆದಿರುತ್ತವೆ, ಆಮೇಲೆ ಮುಚ್ಚುವ ಗೇಟ್ ಬಿದ್ದಿರುತ್ತದೆ, ಎಷ್ಟೇ ಜೋರಾಗಿ ಪ್ರಚೋದಿಸಿದರೂ ಎರಡನೇ ಶಿಖರ ಬರುವುದಿಲ್ಲ. ಆಮೇಲಿನ ಭಾಗಕ್ಕೆ ತಿಳಿ ಬಣ್ಣ. ಅಲ್ಲಿ ಒಂದಷ್ಟು ಚಾನೆಲ್ ಸಿದ್ಧವಾಗಿವೆ, ಆದರೆ ಪೊಟ್ಯಾಸಿಯಂ ಕೆಳಗೆ ಎಳೆಯುತ್ತಿದೆ, ಹಾಗಾಗಿ ಮಾಮೂಲಿಗಿಂತ ಜೋರಾದ ಪ್ರಚೋದನೆ ಬೇಕು.

ಐದನೇ ಹೆಜ್ಜೆ: ಸಮಯದ ಬದಲು ದೂರ

ಸಂಕೇತ ಚಲಿಸುವುದನ್ನು ವಿವರಿಸುವಾಗ ಹೆಚ್ಚು ಗೊಂದಲ ಆಗುವುದು ಇಲ್ಲಿ. ಇಷ್ಟು ಹೊತ್ತು ಬರೆದದ್ದು ನರದ ಒಂದೇ ಜಾಗದಲ್ಲಿ ಎಲೆಕ್ಟ್ರೋಡ್ ಇಟ್ಟು ಕಾದು ನೋಡಿದ ಗ್ರಾಫ್. ಈಗ ಸಮಯವನ್ನು ನಿಲ್ಲಿಸಿ, ಒಂದೇ ಕ್ಷಣದಲ್ಲಿ ತಂತುವಿನ ಉದ್ದಕ್ಕೂ ವೋಲ್ಟೇಜ್ ಎಷ್ಟಿದೆ ಎಂದು ಬರೆಯಿರಿ. ಅಡ್ಡ ಅಕ್ಷ ಈಗ ಮಿಲಿಮೀಟರ್.

ಸಂಕೇತ ಎಡದಿಂದ ಬಲಕ್ಕೆ ಹೋಗುತ್ತಿದ್ದರೆ ಈ ಗ್ರಾಫ್ ಮೊದಲಿನದರ ಕನ್ನಡಿ ಬಿಂಬದ ಹಾಗೆ ಬರುತ್ತದೆ. ಬಲತುದಿಗೆ ಸಂಕೇತ ಇನ್ನೂ ತಲುಪಿಲ್ಲ, ಅಲ್ಲಿ −70. ಅದರ ಎಡಕ್ಕೆ ಈಗಷ್ಟೇ ಡಿಪೋಲರೈಸ್ ಆಗುತ್ತಿರುವ ಕಡಿದಾದ ಅಂಚು, ಆಮೇಲೆ ಶಿಖರ, ಅದಕ್ಕೂ ಎಡಕ್ಕೆ ಇಳಿತ ಮತ್ತು ತಗ್ಗು. ಶಿಖರದ ಕೆಳಗೆ ಒಳಗೆ ಧನ, ಮುಂದಿನ ಜಾಗದಲ್ಲಿ ಒಳಗೆ ಋಣ. ಹಾಗಾಗಿ ತಂತುವಿನೊಳಗೆ ಧನ ಪ್ರವಾಹ ಬಲಕ್ಕೆ ಹರಿದು ಆ ಜಾಗವನ್ನು −55 ಕ್ಕೆ ತಳ್ಳುತ್ತದೆ. ಪ್ರವಾಹ ಎಡಕ್ಕೂ ಹರಿಯುತ್ತದೆ, ಆದರೆ ಅಲ್ಲಿ ಗಾಢ ಬಣ್ಣದ ಅವಧಿ ನಡೆಯುತ್ತಿದೆ, ಸೋಡಿಯಂ ಗೇಟ್ ಮುಚ್ಚಿದೆ. ಸಂಕೇತ ಹಿಂದಕ್ಕೆ ತಿರುಗದೇ ಇರುವುದು ಇಷ್ಟಕ್ಕೇ. ತಂತುವಿನ ಮಧ್ಯದಲ್ಲಿ ಪ್ರಚೋದಿಸಿದರೆ ಎರಡೂ ಕಡೆ ಹೋಗುತ್ತದೆ, ಯಾಕೆಂದರೆ ಆಗ ಎರಡೂ ಕಡೆ ಗೇಟ್‌ಗಳು ಸಿದ್ಧವಾಗಿರುತ್ತವೆ.

ಮೈಲಿನ್ ಇರುವ ತಂತುವಿನಲ್ಲಿ ಪ್ರವಾಹ ನಡುವೆ ಸೋರುವುದು ಕಮ್ಮಿ, ಪೊರೆಯನ್ನು ಚಾರ್ಜ್ ಮಾಡಲು ವ್ಯರ್ಥವಾಗುವುದೂ ಕಮ್ಮಿ. ಸೋಡಿಯಂ ಚಾನೆಲ್‌ಗಳು ರಾನ್ವಿಯೇ ನೋಡ್‌ಗಳಲ್ಲಿ ಗುಂಪಾಗಿವೆ. ಇದನ್ನು 'ಸಂಕೇತ ಒಂದು ನೋಡ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತದೆ' ಎಂದು ಓದಿದಾಗ ಒಂದು ಸಲಕ್ಕೆ ಒಂದೇ ನೋಡ್ ಕೆಲಸ ಮಾಡುತ್ತದೆ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. ದಪ್ಪ ತಂತುವಿನ ವೇಗ ಸೆಕೆಂಡಿಗೆ 100 ಮೀಟರ್, ಅಂದರೆ ಮಿಲಿಸೆಕೆಂಡಿಗೆ 100 ಮಿಲಿಮೀಟರ್. ಶಿಖರದ ಅವಧಿ 0.5 ಮಿಲಿಸೆಕೆಂಡ್. ಗುಣಿಸಿದರೆ 50 ಮಿಲಿಮೀಟರ್. ನೋಡ್‌ಗಳ ಅಂತರ ಸುಮಾರು 1 ಮಿಲಿಮೀಟರ್. ಒಂದೇ ಕ್ಷಣದಲ್ಲಿ ಸುಮಾರು 50 ನೋಡ್‌ಗಳು ಆಕ್ಷನ್ ಪೊಟೆನ್ಶಿಯಲ್‌ನ ಬೇರೆ ಬೇರೆ ಹಂತದಲ್ಲಿರುತ್ತವೆ! ಮೈಲಿನ್ ಇಲ್ಲದ ಸಿ ತಂತುವಿನಲ್ಲಿ ಸೆಕೆಂಡಿಗೆ 1 ಮೀಟರ್, ಅವಧಿ 2 ಮಿಲಿಸೆಕೆಂಡ್, ಅಲೆಯ ಉದ್ದ ಬರೀ 2 ಮಿಲಿಮೀಟರ್. ಎರಡನ್ನೂ ಒಂದೇ ಅಳತೆಯಲ್ಲಿ ಬರೆದು ನೋಡಿ.

ಆರನೇ ಹೆಜ್ಜೆ: ವೇಗ ಅಳೆಯುವುದು

ಕೈಯ ಮೀಡಿಯನ್ ನರದ ಉದಾಹರಣೆ. ಹೆಬ್ಬೆರಳಿನ ಬುಡದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಇಟ್ಟಿದ್ದಾರೆ. ಮಣಿಕಟ್ಟಿನಲ್ಲಿ ಪ್ರಚೋದಿಸಿದರೆ 3.2 ಮಿಲಿಸೆಕೆಂಡಿಗೆ ಸ್ನಾಯುವಿನ ಅಲೆ ಶುರುವಾಯಿತು, ಮೊಣಕೈಯಲ್ಲಿ ಪ್ರಚೋದಿಸಿದರೆ 7.4 ಕ್ಕೆ. ಎರಡು ಜಾಗಗಳ ನಡುವೆ 231 ಮಿಲಿಮೀಟರ್.

```
231 mm / (7.4 − 3.2) ms = 231 / 4.2 = 55 m/s
```

ಒಂದೇ ಜಾಗದ ದೂರವನ್ನು 3.2 ರಿಂದ ಭಾಗಿಸಿದರೆ ಸಾಲದು. ಆ ಸಮಯದಲ್ಲಿ ನರ ಮತ್ತು ಸ್ನಾಯುವಿನ ನಡುವಿನ ಸಂಧಿ ದಾಟಿದ ಹೊತ್ತೂ ಸೇರಿದೆ. ಕಳೆದಾಗ ಅದು ಎರಡೂ ಕಡೆ ವಜಾ ಆಗುತ್ತದೆ.

ಇಲ್ಲಿ ಕಾಣುವ ಅಲೆ ಒಂದು ತಂತುವಿನದಲ್ಲ, ಒಟ್ಟಾಗಿ ಸಂಕೇತ ಕೊಟ್ಟ ತುಂಬಾ ಸ್ನಾಯು ತಂತುಗಳ ಮೊತ್ತ. ಅದಕ್ಕೇ ಪ್ರಚೋದನೆ ಜಾಸ್ತಿ ಮಾಡಿದರೆ ಅಲೆ ಎತ್ತರವಾಗುತ್ತದೆ. ಪ್ರತಿ ತಂತುವಿನ ಮಟ್ಟಿಗೆ 'ಪೂರ್ತಿ ಇಲ್ಲವೇ ಇಲ್ಲ' ನಿಯಮ ಹಾಗೇ ಇದೆ. ಮೈಲಿನ್ ಹಾಳಾಗಿದ್ದರೆ ಮುಖ್ಯವಾಗಿ ವೇಗ ಬೀಳುತ್ತದೆ, ಆಕ್ಸಾನ್‌ಗಳೇ ಸತ್ತಿದ್ದರೆ ವೇಗ ಬಹುಮಟ್ಟಿಗೆ ಉಳಿದು ಅಲೆಯ ಎತ್ತರ ಬೀಳುತ್ತದೆ. ಆದರೆ ವೇಗ ಕಮ್ಮಿ ಬಂತೆಂದು ಮೈಲಿನ್ ಮೇಲೆ ಗೂಬೆ ಕೂರಿಸುವ ಮೊದಲು ಕೈ ಮುಟ್ಟಿ ನೋಡಿ: ಚರ್ಮ ತಣ್ಣಗಿದ್ದರೆ ಗೇಟ್‌ಗಳೇ ನಿಧಾನವಾಗುತ್ತವೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 2 ಮೀಟರ್ ಇಳಿಯುತ್ತದೆ, ಕೈ ಬೆಚ್ಚಗೆ ಮಾಡಿ ಮತ್ತೆ ಅಳೆಯಬೇಕು.