85 ಗ್ರಾಂ ಕ್ರೀಮು, 15 ಗ್ರಾಂ ಬೆಣ್ಣೆ: ನನ್ನ ಟ್ರಫಲ್ ಕೊನೆಗೂ ನಿಂತ ಕತೆ

ಚಾಕೊಲೇಟಿಗೆ ಬಿಸಿ ಕ್ರೀಮು ಕಲೆಸಿ ಮಾಡುವ ಗನಾಶ್ ಬಗ್ಗೆ ಎಲ್ಲರೂ ಹೇಳುವ ಲೆಕ್ಕ ನಿಮಗೂ ಬಾಯಿಪಾಠ ಇರುತ್ತದೆ. ಕೇಕಿನ ಮೇಲೆ ಸುರಿಯುವ ಗ್ಲೇಜ್‌ಗೆ ಚಾಕೊಲೇಟು ಕ್ರೀಮು ಒಂದಕ್ಕೆ ಒಂದು, ಫಿಲ್ಲಿಂಗ್‌ಗೆ ಚಾಕೊಲೇಟ್ ಸ್ವಲ್ಪ ಜಾಸ್ತಿ, ಟ್ರಫಲ್ ಉಂಡೆಗೆ ಎರಡಕ್ಕೆ ಒಂದು. ನಾನೂ ಅದನ್ನೇ ನಂಬಿಕೊಂಡು ಎರಡು ವರ್ಷ ಕೇಕ್ ಮಾಡಿ ಮಾರಿದೆ. ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಇರುವ ಕಾಂಪೌಂಡ್ ಚಾಕೊಲೇಟ್ ಹಾಕುತ್ತಿದ್ದಷ್ಟು ದಿನ ಏನೂ ತೊಂದರೆ ಬರಲಿಲ್ಲ, ಅದು ಹೇಗೆ ಮಾಡಿದರೂ ಗಟ್ಟಿ ಆಗುತ್ತದೆ. ತಿಂದವರ ಅಂಗುಳಕ್ಕೆ ಮೇಣ ಅಂಟಿಕೊಂಡ ಹಾಗೆ ಆಗುತ್ತದೆ, ಅದು ಬೇರೆ ವಿಷಯ. ಕೋಕೋ ಬೆಣ್ಣೆಯೇ ಇರುವ ಕೂವರ್ಚರ್ ಚಾಕೊಲೇಟಿಗೆ ಬದಲಾದ ಮೇಲೆ ಶುರುವಾಯಿತು ನೋಡಿ.

ಸಾಗರದಿಂದ ಒಂದು ಮದುವೆಗೆ ಆರ್ಡರ್ ಬಂತು. 250 ಟ್ರಫಲ್, ಏಪ್ರಿಲ್ ತಿಂಗಳು. ಒಂದಕ್ಕೆ 24 ರೂಪಾಯಿ ಎಂದೆ, ಅವರು ಚೌಕಾಸಿ ಕೂಡ ಮಾಡಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಶಿವಮೊಗ್ಗದ ಏಪ್ರಿಲ್ ಗೊತ್ತಲ್ಲ, ಮಧ್ಯಾಹ್ನ ಅಡುಗೆಮನೆಯಲ್ಲಿ ಬೆಣ್ಣೆ ತಟ್ಟೆಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಎಣ್ಣೆ.

ಮೊದಲ ಟ್ರಯಲ್‌ಗೆ ಕೋಕೋ 55% ಇರುವ ಡಾರ್ಕ್ ಚಾಕೊಲೇಟ್ 400 ಗ್ರಾಂ, ಟೆಟ್ರಾ ಪ್ಯಾಕ್ ಕ್ರೀಮು 200 ಗ್ರಾಂ. ಸರಿಯಾಗಿ ಎರಡಕ್ಕೆ ಒಂದು. ರಾತ್ರಿ ಮಾಡಿಟ್ಟು ಬೆಳಿಗ್ಗೆ ಚಮಚ ಹಾಕಿದರೆ ಗನಾಶ್ ಚಮಚದ ಜೊತೆಗೇ ಮೇಲೆ ಬಂತು, ಆದರೆ ಉಂಡೆ ಕಟ್ಟಲು ಹೋದರೆ ಕೈಗೆಲ್ಲ ಮೆತ್ತಿಕೊಂಡಿತು. ನಮ್ಮ ಅತ್ತೆ ಬಂದು ನೋಡಿ, "ಎಂಥ ಮಾಡಿದ್ಯೇ ಇದು, ರಾಗಿ ಗಂಜಿ ಥರ ಇದ್ಯಲ್ಲ" ಎಂದರು. ನಗು ಬರಲಿಲ್ಲ. ಚಾಕೊಲೇಟ್ ಕಿಲೋಗೆ ಸಾವಿರದ ಆಸುಪಾಸು ಕೊಟ್ಟು ತಂದಿದ್ದೆ.

ಎರಡನೇ ಸಲ ಸಿಟ್ಟಿನಲ್ಲಿ ಮೂರಕ್ಕೆ ಒಂದು ಹಾಕಿದೆ. ಚಾಕೊಲೇಟ್ ಜಾಸ್ತಿ ಆದರೆ ಗಟ್ಟಿ ಆಗಲೇಬೇಕಲ್ಲ? ಗಟ್ಟಿಯೇನೋ ಆಯಿತು, ಆದರೆ ಕಲೆಸುವಾಗಲೇ ಹೊಳಪು ಹೋಗಿ ಮೊಸರು ಒಡೆದ ಹಾಗೆ ತರಿತರಿ ಆಗಿ, ಪಾತ್ರೆಯ ಅಂಚಿನಲ್ಲಿ ಎಣ್ಣೆ ನಿಂತಿತು. ಇದು ಒಡೆದ ಗನಾಶ್. ಬಿಸಿ ಹಾಲು ಒಂದೊಂದೇ ಚಮಚ ಹಾಕುತ್ತಾ ಕಲೆಸಿದರೆ ಮತ್ತೆ ಕೂಡಿಕೊಳ್ಳುತ್ತದೆ, ಕೂಡಿಕೊಂಡಿತು ಕೂಡ. ಆದರೆ ಹಾಲು ಹಾಕಿದ ಮೇಲೆ ಮತ್ತೆ ಮೆತ್ತಗೆ. ಎರಡೂ ಬ್ಯಾಚು ಸೇರಿ ಸಾವಿರದ ಇನ್ನೂರರ ಹತ್ತಿರ ಹೋಯಿತು, ನನ್ನ ಎರಡು ರಾತ್ರಿ ಬೇರೆ. ಅದನ್ನು ಬ್ರೌನಿಗೆ ಹಾಕಿ ಮಾರಿದೆ ಅನ್ನುವುದನ್ನು ಗಿರಾಕಿಗಳು ಓದದೇ ಇರಲಿ.

ನಾನು ಕಲಿತ ಕ್ಲಾಸಿನ ಮೇಡಂಗೆ ಫೋನ್ ಮಾಡಿದೆ. ಅವರು "ನಮ್ಮ ಪ್ಯಾಕೆಟ್ ಕ್ರೀಮಲ್ಲಿ ಟ್ರಫಲ್ ಆಗಲ್ಲ ಕಣ್ರೀ, ಸುಮ್ನೆ ನಾನ್‌ಡೇರಿ ವಿಪ್ಪಿಂಗ್ ಕ್ರೀಮ್ ಹಾಕಿ, ಇಲ್ಲಾಂದ್ರೆ ಕಾಂಪೌಂಡಿಗೆ ವಾಪಸ್ ಹೋಗಿ" ಎಂದರು. ನಮ್ಮೂರಿನ ಬೇಕರ್ಸ್ ಗುಂಪಿನಲ್ಲೂ ಅದೇ ಮಾತು. ನನಗೆ ಹಠ ಬಂತು.

ಆ ರಾತ್ರಿ ಕ್ರೀಮ್ ಪ್ಯಾಕನ್ನು ತಿರುಗಿಸಿ ನೋಡಿದೆ. ಕೊಬ್ಬು 25%. ನಾವು ನೋಡಿ ಕಲಿಯುವ ರೆಸಿಪಿಗಳೆಲ್ಲ ಹೊರದೇಶದವು, ಅವರ ಕ್ರೀಮು 35% ಅಥವಾ ಇನ್ನೂ ಜಾಸ್ತಿ. ಹತ್ತು ಪರ್ಸೆಂಟ್ ತಾನೇ ಎಂದು ಬಿಟ್ಟಿದ್ದೆ. ಆದರೆ ಕೊಬ್ಬು ಕಡಿಮೆ ಅಂದರೆ ಆ ಜಾಗದಲ್ಲಿ ಇರುವುದು ನೀರು ಅಲ್ವಾ? ಅವರ 100 ಗ್ರಾಂ ಕ್ರೀಮಿನಲ್ಲಿ ನೀರು ಸುಮಾರು 59 ಗ್ರಾಂ, ನಮ್ಮದರಲ್ಲಿ 69ರ ಹತ್ತಿರ. ಅಂದರೆ ನಾನು ಪ್ರತಿ 100 ಗ್ರಾಂ ಕ್ರೀಮಿಗೆ ಎರಡು ಟೀ ಚಮಚ ನೀರು ಹೆಚ್ಚಿಗೆ ಸುರಿಯುತ್ತಿದ್ದೆ. ಹಾಗಿದ್ದರೆ ಚಾಕೊಲೇಟನ್ನು ಏರಿಸುವುದಲ್ಲ, ಕ್ರೀಮನ್ನೇ ರಿಪೇರಿ ಮಾಡಬೇಕು.

ಅಂಗಡಿ ಬೆಣ್ಣೆಯಲ್ಲಿ ಕೊಬ್ಬು 80% ಇರುತ್ತದೆ. 85 ಗ್ರಾಂ ಕ್ರೀಮಿಗೆ 15 ಗ್ರಾಂ ಬೆಣ್ಣೆ ಸೇರಿಸಿದರೆ ಒಟ್ಟು 100 ಗ್ರಾಮಿನಲ್ಲಿ ಕೊಬ್ಬು 33 ಗ್ರಾಂ, ನೀರು 61 ಗ್ರಾಂ. ಅವರ ಕ್ರೀಮಿಗೆ ಹೆಚ್ಚುಕಮ್ಮಿ ಸಮ. ಉಪ್ಪಿಲ್ಲದ ಬೆಣ್ಣೆಯೇ ಬೇಕು, ಮತ್ತು ಎಲ್ಲವನ್ನೂ ತಕ್ಕಡಿಯಲ್ಲೇ ತೂಗಬೇಕು, ಕಪ್, ಲೋಟ ಎಲ್ಲ ಆಗದು. ಇಷ್ಟೇ ನನ್ನ ದೊಡ್ಡ ಸಂಶೋಧನೆ. ಪೇಪರಿನ ಮೇಲೆ ಹತ್ತು ನಿಮಿಷದ ಲೆಕ್ಕ, ಅದಕ್ಕೆ ಎರಡು ವರ್ಷ ಹಿಡಿಯಿತು.

ಆದರೆ ಬೆಣ್ಣೆಯನ್ನು ಕ್ರೀಮಿನ ಜೊತೆ ಕುದಿಸಬೇಡಿ, ನಾನು ಮೊದಲು ಅದನ್ನೇ ಮಾಡಿ ಮತ್ತೆ ಒಡೆಸಿಕೊಂಡೆ. ಈಗ ಕ್ರೀಮು ಅಂಚಿನಲ್ಲಿ ಗುಳ್ಳೆ ಬರುವವರೆಗೆ ಕಾಯಿಸಿ, ಸಣ್ಣಗೆ ಹೆಚ್ಚಿದ ಚಾಕೊಲೇಟ್ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ನಿಧಾನ ಕಲೆಸುತ್ತೇನೆ. ಅದು ಪೂರ್ತಿ ನುಣ್ಣಗಾಗಿ, ಬೆರಳು ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನುವಾಗ, ಸುಮಾರು 35 ಡಿಗ್ರಿಯಲ್ಲಿ, ಮೆತ್ತಗಿನ ಬೆಣ್ಣೆ. ಆಮೇಲೆ ಹ್ಯಾಂಡ್ ಬ್ಲೆಂಡರನ್ನು ತಳಕ್ಕೆ ಒತ್ತಿ ಹಿಡಿದು ಅರ್ಧ ನಿಮಿಷ. ಮೇಲೆ ಎತ್ತಿದರೆ ಗಾಳಿ ಸೇರುತ್ತದೆ, ಹುಷಾರು.

ಮದುವೆ ಬ್ಯಾಚಿಗೆ ಎರಡೂಕಾಲಕ್ಕೆ ಒಂದು ಹಾಕಿದೆ, ಬೇಸಿಗೆ ಅಂತ. ಉಂಡೆಗೆ 12 ಗ್ರಾಂ, 250ಕ್ಕೆ ಮೂರು ಕಿಲೋ. ಚಾಕೊಲೇಟ್ 2 ಕಿಲೋ 100 ಗ್ರಾಂ, ಕ್ರೀಮು 785 ಗ್ರಾಂ, ಬೆಣ್ಣೆ 140 ಗ್ರಾಂ. ಒಂದೇ ಸಲ ಮಾಡುವ ಧೈರ್ಯ ಬರಲಿಲ್ಲ, ಮೂರು ಪಾಲು ಮಾಡಿಕೊಂಡೆ. ಮೊದಲ ಪಾಲು ಕಲೆಸಿ ಬ್ಲೆಂಡರ್ ಎತ್ತಿದಾಗ ಕನ್ನಡಿ ಥರ ಹೊಳೆಯಿತು. ಫ್ರಿಜ್‌ಗೆ ಇಡಲಿಲ್ಲ, ಬೇಗ ತಣ್ಣಗಾದರೆ ನನಗೆ ಯಾವಾಗಲೂ ತರಿ ಬರುತ್ತದೆ. ಮಲಗುವ ಕೋಣೆಯಲ್ಲಿ ಎಸಿ 22ಕ್ಕೆ ಇಟ್ಟು, ಮಂಚದ ಪಕ್ಕದ ಮೇಜಿನ ಮೇಲೆ ಮೂರು ತಟ್ಟೆ ಮುಚ್ಚಿಟ್ಟೆವು. ನಮ್ಮವರು ಆ ರಾತ್ರಿ ಹೊರಗೆ ಹಾಲ್‌ನಲ್ಲಿ ಮಲಗಿದರು, ಚಾಕೊಲೇಟ್ ವಾಸನೆಗೆ ನಿದ್ದೆ ಬರಲ್ಲವಂತೆ. ಬೆಳಿಗ್ಗೆ ಚಾಕು ಹಾಕಿದರೆ ಅಚ್ಚುಕಟ್ಟಾಗಿ ಕತ್ತರಿಸಿತು. ಅಂಗೈಯಲ್ಲಿ ಉರುಟಿದರೆ ಉಂಡೆ, ಬಾಯಿಗೆ ಹಾಕಿದರೆ ನೀರು.

ಒಂದು ಮಾತು ಪ್ರಾಮಾಣಿಕವಾಗಿ ಹೇಳುತ್ತೇನೆ. 30 ಡಿಗ್ರಿ ದಾಟಿದ ಕೋಣೆಯಲ್ಲಿ ಯಾವ ಅಳತೆಯೂ ನಿಮ್ಮನ್ನು ಕಾಯುವುದಿಲ್ಲ. ಕೋಕೋ ಬೆಣ್ಣೆಯೇ 34ರ ಹತ್ತಿರ ಕರಗುತ್ತದೆ, ಗನಾಶ್‌ನಲ್ಲಿ ಅದು ಇನ್ನೂ ಮೊದಲೇ ಸೋಲುತ್ತದೆ. ಸಾಗರಕ್ಕೆ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಜೆಲ್ ಇಟ್ಟು, ಅದರ ಮೇಲೆ ಟವೆಲ್ ಹಾಸಿ, ಬೆಳಗಿನ ಆರಕ್ಕೇ ಹೊರಟೆವು. ಟವೆಲ್ ಇಲ್ಲದಿದ್ದರೆ ಡಬ್ಬಿಯೊಳಗೆ ಬೆವರಿ ಮೇಲಿನ ಕೋಕೋ ಪುಡಿ ಕೆಸರಾಗುತ್ತದೆ. ಇದು ಕಲಿತದ್ದು ಹಿಂದಿನ ಜುಲೈನಲ್ಲಿ, ತೀರ್ಥಹಳ್ಳಿ ಮಳೆಯಲ್ಲಿ, 40 ಟ್ರಫಲ್ ವಾಪಸ್ ಬಂದಾಗ. ಮದುವೆಯದ್ದರಲ್ಲಿ ಖರ್ಚು ಡಬ್ಬಿ, ಕಾಗದದ ಕಪ್ಪು ಎಲ್ಲ ಸೇರಿ 3,300ರ ಹತ್ತಿರ, ಪೆಟ್ರೋಲ್ ಬೇರೆ. ಬಂದದ್ದು 6,000. ಕೆಟ್ಟ ಬ್ಯಾಚು ಕಳೆದರೂ ಕೈಯಲ್ಲಿ ಏನೋ ಉಳಿಯಿತು.

ಗ್ಲೇಜ್‌ಗೆ ಈ ಬೆಣ್ಣೆ ಲೆಕ್ಕವೆಲ್ಲ ಬೇಡ. ಅಲ್ಲಿ ನೀರು ಜಾಸ್ತಿ ಇದ್ದರೆ ಒಳ್ಳೆಯದೇ, ಹರಿಯಬೇಕಲ್ಲ. ಪ್ಯಾಕೆಟ್ ಕ್ರೀಮೇ 100 ಗ್ರಾಂ, ಚಾಕೊಲೇಟ್ 110, ಫ್ರಿಜ್‌ನಿಂದ ತೆಗೆದ ಕೇಕಿನ ಮೇಲೆ ಅದೇ ಬೆರಳಿನ ಬಿಸಿಯಲ್ಲಿ ಸುರಿದರೆ ಸಾಕು. ಬಿಸಿ ಜಾಸ್ತಿ ಇದ್ದರೆ ತಟ್ಟೆಗೆ ಹರಿದು ಹೋಗುತ್ತದೆ, ಕಡಿಮೆ ಇದ್ದರೆ ಅರ್ಧದಲ್ಲೇ ನಿಂತು ಗೋಡೆಗೆ ಗಾರೆ ಹಾಕಿದ ಹಾಗೆ ಕಾಣುತ್ತದೆ. ಫಿಲ್ಲಿಂಗ್‌ಗೆ ನಾನು 85-15 ಮಿಶ್ರಣಕ್ಕೆ ಒಂದೂಕಾಲು ಪಾಲು ಚಾಕೊಲೇಟ್ ಹಾಕುತ್ತೇನೆ, ಮಾರ್ಚ್‌ನಿಂದ ಮೇ ವರೆಗೆ ಒಂದೂವರೆ. ಮೂರು ಪದರದ ಕೇಕಿಗೆ ಒಂದೂವರೆಯೇ, ಇಲ್ಲದಿದ್ದರೆ ಮೇಲಿನ ಪದರ ಜಾರುತ್ತದೆ. ಇವೆಲ್ಲ 55% ಡಾರ್ಕಿಗೆ. 70% ತಂದರೆ ಅದೇ ಅಳತೆಯಲ್ಲಿ ಇಟ್ಟಿಗೆ ಆಗುತ್ತದೆ, ಕ್ರೀಮು ಏರಿಸಬೇಕು. ಬಿಳಿ ಚಾಕೊಲೇಟಿಗೆ ಟ್ರಫಲ್ ಆದರೆ ನಾಲ್ಕಕ್ಕೆ ಒಂದರವರೆಗೂ ಹೋಗಿದ್ದೇನೆ.

ನಡುವೆ ಮಾಡಿದ ಕಿತಾಪತಿಗಳೂ ಇವೆ. ತೋಟದ ಮನೆಯ ಹಾಲಿನ ಕೆನೆ ಒಂದು ವಾರ ಕೂಡಿಟ್ಟು ಕ್ರೀಮಿನ ಬದಲು ಹಾಕಿದೆ, ಎಷ್ಟು ಕೊಬ್ಬಿದೆ ಎಂದು ಯಾರಿಗೆ ಗೊತ್ತು, ಗಂಟುಗಂಟಾಗಿ ಎಣ್ಣೆ ಬಿಟ್ಟುಕೊಂಡಿತು. ಕೆನೆಯನ್ನು ಬೆಣ್ಣೆ ಮಾಡಿ ತುಪ್ಪಕ್ಕೇ ಬಿಡಿ. ಮುರುಗಲು ರಸ ಬೆರೆಸಿದೆ, ಹುಳಿಗೆ ಕ್ರೀಮು ಒಡೆಯಿತು. ಗೊತ್ತಿದ್ದೂ ಮಾಡಿದ್ದು ಅದು.

ಚೆನ್ನಾಗಿ ಆದದ್ದು ಜೋನಿ ಬೆಲ್ಲ. ಲಿಕ್ವಿಡ್ ಗ್ಲೂಕೋಸ್ ಮುಗಿದ ದಿನ ನಮ್ಮ ಚಿಕ್ಕಮ್ಮ ಕೊಟ್ಟ ಡಬ್ಬಿಯಿಂದ ಒಂದು ಚಮಚ ಹಾಕಿದೆ, ಗ್ಲೇಜ್ ಮೂರನೇ ದಿನವೂ ಮಂಕಾಗಲಿಲ್ಲ, ಟ್ರಫಲ್ ಒಣಗಲಿಲ್ಲ. ಕುದಿಯುವ ಕ್ರೀಮಿಗೆ ಮಾತ್ರ ಹಾಕಬೇಡಿ, ಬೆಲ್ಲಕ್ಕೆ ಹಾಲು ಒಡೆಯುವ ಹಾಗೆ ಇದೂ ಒಡೆಯುತ್ತದೆ. ಬೆಣ್ಣೆ ಹಾಕುವ ಹೊತ್ತಿಗೇ ಹಾಕಬೇಕು. ಎಷ್ಟು, ಮತ್ತೆ ಹಾಕುವ ಮೊದಲು ಆ ಬೆಲ್ಲಕ್ಕೆ ನಾನು ಏನು ಮಾಡುತ್ತೇನೆ ಅನ್ನುವುದು ಬೇಡ ಬಿಡಿ, ಸಾಗರದವರು ಮತ್ತೆ ಡಿಸೆಂಬರ್‌ಗೆ 400 ಹೇಳಿದ್ದಾರೆ.