ಮೊಡವೆಗೆ ಕಾರಣ ಕ್ರಿಯಾಟಿನ್ನೇ? ನಾನು ಪರೀಕ್ಷಿಸಿ ನೋಡಿದ ಬಗೆ

ವ್ಯಾಯಾಮ ಮಾಡುವವರು ಬಲಕ್ಕೆಂದು ಸೇವಿಸುವ ಕ್ರಿಯಾಟಿನ್ ಪುಡಿ ತೆಗೆದುಕೊಂಡರೆ ಮುಖ ಜಿಡ್ಡಾಗುತ್ತದೆ, ಮೊಡವೆ ಏಳುತ್ತದೆ ಎಂಬ ಮಾತು ಬೆಂಗಳೂರಿನ ಯಾವ ಜಿಮ್‌ಗೆ ಹೋದರೂ ಕಿವಿಗೆ ಬೀಳುತ್ತದೆ. ಬಸವನಗುಡಿಯಲ್ಲಿ ನಾನು ಹೋಗುವ ಜಿಮ್ಮಿನಲ್ಲಿಯೂ ಅಷ್ಟೇ. ನನ್ನ ದವಡೆಯ ಅಂಚಿನಲ್ಲಿ ಮೊಡವೆಗಳು ಕಾಣಿಸಿಕೊಂಡಾಗ ಟ್ರೈನರ್, "ಸರ್, ಮೊದಲು ಆ ಬಿಳಿ ಪುಡಿ ಬಿಡಿ" ಎಂದರು. ಬಿಡುವುದು ಸುಲಭ. ಆದರೆ ಹೇಗೆ ಬಿಟ್ಟರೆ ನಿಜ ತಿಳಿಯುತ್ತದೆ ಎಂಬುದನ್ನು ಮೊದಲು ಯೋಚಿಸಬೇಕೆನಿಸಿತು.

ಈ ಮಾತಿನ ಹಿಂದೆ ಹೆಚ್ಚಾಗಿ ನಿಲ್ಲುವುದು ಒಂದೇ ಅಧ್ಯಯನ. 2009ರಲ್ಲಿ ಪ್ರಕಟವಾದ ಇದರಲ್ಲಿ ದಕ್ಷಿಣ ಆಫ್ರಿಕಾದ ಸುಮಾರು 20 ರಗ್ಬಿ ಆಟಗಾರರಿದ್ದರು. ಅವರು ಮೊದಲ ಏಳು ದಿನ ದಿನಕ್ಕೆ 25 ಗ್ರಾಂ, ಬಳಿಕ ಎರಡು ವಾರ 5 ಗ್ರಾಂ ಕ್ರಿಯಾಟಿನ್ ತೆಗೆದುಕೊಂಡರು. ಟೆಸ್ಟೋಸ್ಟೆರಾನ್ ಬದಲಾಗಲಿಲ್ಲ. ಅದರಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನು ಮಾತ್ರ ಮೊದಲ ವಾರದ ಕೊನೆಗೆ ಶೇ 56ರಷ್ಟು ಏರಿತು. ಚರ್ಮದ ತೈಲಗ್ರಂಥಿಗಳನ್ನು ಪ್ರಚೋದಿಸುವ ಹಾರ್ಮೋನು ಇದೇ ಆಗಿರುವುದರಿಂದ ಮೊಡವೆಯ ವಾದ ಇಲ್ಲಿಂದ ಬೆಳೆಯಿತು. ಆದರೆ ಆ ಅಧ್ಯಯನ ಯಾರ ಚರ್ಮವನ್ನೂ ಪರೀಕ್ಷಿಸಲಿಲ್ಲ. ಏರಿದ ಮಟ್ಟವೂ ಆರೋಗ್ಯವಂತ ಗಂಡಸರಲ್ಲಿ ಕಾಣುವ ಮಿತಿಯೊಳಗೇ ಇತ್ತು. 2025ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ ದಿನಕ್ಕೆ 5 ಗ್ರಾಂ ತೆಗೆದುಕೊಂಡವರಿಗೂ ಕ್ರಿಯಾಟಿನ್ ಇಲ್ಲದ ಪುಡಿ ತೆಗೆದುಕೊಂಡವರಿಗೂ ಡಿಎಚ್‌ಟಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದು ಕೂದಲು ಉದುರುವಿಕೆಯ ಪ್ರಯೋಗ. ಚರ್ಮದ ಬಗ್ಗೆ ನೇರ ಉತ್ತರ ಅದರಲ್ಲಿಯೂ ಇಲ್ಲ. ಆದರೂ ವಾದದ ಮೊದಲ ಮೆಟ್ಟಿಲೇ ಗಟ್ಟಿಯಿಲ್ಲವೆಂದು ನನಗೆ ಮನವರಿಕೆಯಾಯಿತು.

ಇನ್ನು ಕಾಲದ ಲೆಕ್ಕ. ಮೊಡವೆ ಕಣ್ಣಿಗೆ ಬೀಳುವುದಕ್ಕೆ ಹಲವು ವಾರ ಮೊದಲೇ ಚರ್ಮದ ರಂಧ್ರ ಒಳಗೊಳಗೆ ಕಟ್ಟಿಕೊಳ್ಳಲು ಆರಂಭಿಸಿರುತ್ತದೆ. ಹಾಗಾಗಿ ಪುಡಿ ಶುರು ಮಾಡಿದ ಮೂರನೆಯ ದಿನವೇ ಎದ್ದ ಮೊಡವೆಯನ್ನು ಹಾರ್ಮೋನಿನ ತಲೆಗೆ ಕಟ್ಟಲಾಗದು. ಬಿಡುವಾಗಲೂ ಇದೇ ತೊಡಕು. ಸ್ನಾಯುಗಳಲ್ಲಿ ಸೇರಿಕೊಂಡ ಕ್ರಿಯಾಟಿನ್ ಹಳೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಒಂದು ವಾರ ಬಿಟ್ಟು "ಕಡಿಮೆಯಾಯಿತು" ಎನ್ನುವವರು ಕ್ರಿಯಾಟಿನ್ ಇಲ್ಲದ ದೇಹವನ್ನು ಇನ್ನೂ ನೋಡಿಯೇ ಇರುವುದಿಲ್ಲ.

ನನ್ನ ವಿಷಯದಲ್ಲಿ ನಿಜವಾದ ಗೊಂದಲ ಬೇರೆಯೇ ಇತ್ತು. ಕ್ರಿಯಾಟಿನ್ ಜೊತೆಗೇ ವೇ ಪ್ರೋಟೀನನ್ನೂ ಶುರು ಮಾಡಿದ್ದೆ. ಹಾಲಿನಿಂದ ತೆಗೆದ ವೇ ಇನ್ಸುಲಿನ್ನನ್ನು ಚೆನ್ನಾಗಿ ಏರಿಸುತ್ತದೆ, ಅದನ್ನು ಕುಡಿಯುವವರಲ್ಲಿ ಮೊಡವೆ ಕಂಡ ವೈದ್ಯಕೀಯ ವರದಿಗಳೂ ಇವೆ. ಎರಡನ್ನೂ ಒಟ್ಟಿಗೆ ಬಿಟ್ಟಿದ್ದರೆ ಯಾವುದು ಕಾರಣವೆಂದು ಎಂದಿಗೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ಒಂದು ಹಂತದಲ್ಲಿ ಒಂದನ್ನೇ ಬದಲಿಸಿದೆ, ಪ್ರತಿ ಹಂತಕ್ಕೂ ಎಂಟು ವಾರ ಕೊಟ್ಟೆ. ಮೊದಲು ಕ್ರಿಯಾಟಿನ್ ಬಿಟ್ಟು ವೇ ಮುಂದುವರಿಸಿದೆ. ಬಳಿಕ ದಿನಕ್ಕೆ 5 ಗ್ರಾಂ ಕ್ರಿಯಾಟಿನ್ ಮತ್ತೆ ಶುರು ಮಾಡಿ ವೇ ನಿಲ್ಲಿಸಿದೆ. ಆ ಪ್ರೋಟೀನಿನ ಜಾಗವನ್ನು ಮೊಟ್ಟೆ ಮತ್ತು ಹೆಸರುಕಾಳು ತುಂಬಿದವು. ಫೇಸ್‌ವಾಶ್, ಸನ್‌ಸ್ಕ್ರೀನ್, ತಲೆಗೆ ಹಚ್ಚುವ ಎಣ್ಣೆ ಯಾವುದನ್ನೂ ಬದಲಿಸಲಿಲ್ಲ. ಭಾನುವಾರ ಬೆಳಿಗ್ಗೆ, ಮುಖ ತೊಳೆಯುವ ಮೊದಲು, ಅದೇ ಕಿಟಕಿಯ ಬೆಳಕಿನಲ್ಲಿ ಎರಡೂ ಕೆನ್ನೆಗಳ ಫೋಟೊ ತೆಗೆದು, ದವಡೆಯ ಮೇಲಿನ ಹೊಸ ಮೊಡವೆಗಳನ್ನಷ್ಟೇ ಎಣಿಸಿ ಬರೆದಿಟ್ಟೆ. ಹಳೆಯ ಕಲೆಗಳನ್ನೂ ಸೇರಿಸಿದರೆ ಲೆಕ್ಕ ಕೆಡುತ್ತದೆ. ಜಿಡ್ಡಿಗೆ ಮಧ್ಯಾಹ್ನ ಒಂದೇ ಹೊತ್ತಿಗೆ ಹಣೆಗೆ ಟಿಶ್ಯೂ ಕಾಗದ ಒತ್ತಿ, ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಕ್ರಿಯಾಟಿನ್ ಇಲ್ಲದ ವಾರಗಳಲ್ಲಿ ಮೊಡವೆಯ ಎಣಿಕೆ ಇಳಿಯಲಿಲ್ಲ. ವೇ ನಿಲ್ಲಿಸಿದ ಮೇಲೆ, ಕ್ರಿಯಾಟಿನ್ ನಡೆಯುತ್ತಿದ್ದಾಗಲೇ, ಐದಾರು ವಾರಗಳಲ್ಲಿ ಹೊಸ ಮೊಡವೆಗಳು ಸ್ಪಷ್ಟವಾಗಿ ಕಡಿಮೆಯಾದವು. ಹಣೆಯ ಜಿಡ್ಡು ಮಾತ್ರ ಋತುವನ್ನೇ ಹಿಂಬಾಲಿಸಿ ಬೇಸಿಗೆಗೆ ಹೆಚ್ಚಿತು, ಮಳೆಗಾಲಕ್ಕೆ ತಗ್ಗಿತು. ಮೊಡವೆ ಇಳಿದದ್ದೂ ಋತುವಿನ ಪ್ರಭಾವವೇ ಇರಬಹುದೆಂಬ ಅನುಮಾನದಿಂದ ವೇಯನ್ನು ಮತ್ತೆ ಶುರು ಮಾಡಿದೆ, ಮೊಡವೆಗಳು ಮರಳಿದವು. ನಿಲ್ಲಿಸಿ ನೋಡುವುದಕ್ಕಿಂತ ಮರಳಿ ಶುರು ಮಾಡಿ ನೋಡುವುದೇ ಹೆಚ್ಚು ಬಲವಾದ ಸಾಕ್ಷ್ಯ. ಹೆಚ್ಚಿನವರು ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ.

ಇದು ಒಬ್ಬನ ಚರ್ಮದ ಕಥೆ ಮಾತ್ರ. ಯಾವ ಹಂತದಲ್ಲಿ ಏನು ಕುಡಿಯುತ್ತಿದ್ದೇನೆಂದು ನನಗೆ ಗೊತ್ತಿತ್ತು, ಎಣಿಸುವ ಕಣ್ಣಿಗೆ ಅದರ ಪ್ರಭಾವ ತಟ್ಟದಿರುವುದಿಲ್ಲ. ವೇ ಎಲ್ಲರಿಗೂ ಮೊಡವೆ ತರುತ್ತದೆಂದು ನಾನು ಹೇಳಲಾರೆ. ನನ್ನ ಮೊಡವೆಗೆ ಕ್ರಿಯಾಟಿನ್ ಕಾರಣವಲ್ಲವೆಂದು ಮಾತ್ರ ಸಾಕಷ್ಟು ಧೈರ್ಯದಿಂದ ಹೇಳಬಲ್ಲೆ.

ಬೆನ್ನ ಮೇಲೆ ತುರಿಸುತ್ತಿದ್ದ, ಒಂದೇ ಗಾತ್ರದ ಸಣ್ಣ ಗುಳ್ಳೆಗಳನ್ನು ಈ ಎಣಿಕೆಗೆ ಸೇರಿಸಿರಲಿಲ್ಲ. ಅವನ್ನು ನೋಡಿದ ಚರ್ಮರೋಗ ತಜ್ಞೆ, ಅವು ಮೊಡವೆಗಳೇ ಅಲ್ಲ, ಬೆವರಿದ ಬನಿಯನ್ನಿನಡಿ ಬೆಳೆಯುವ ಶಿಲೀಂಧ್ರದ ಸೋಂಕು ಎಂದರು. ಶಿಲೀಂಧ್ರನಾಶಕ ಮುಲಾಮಿಗೆ ಅವು ಹೋದವು. ಜಿಮ್ಮಿನಲ್ಲಿ ಯಾರಾದರೂ ಈಗ ನನ್ನನ್ನು ಕೇಳಿದರೆ, ತುರಿಸುತ್ತದೆಯೇ ಎಂದು ಮೊದಲು ವಿಚಾರಿಸುತ್ತೇನೆ, ಆಮೇಲೆ ಅವರು ಕುಡಿಯುವ ಎಲ್ಲ ಡಬ್ಬಗಳ ಹಿಂದಿನ ಪಟ್ಟಿಯನ್ನು ಓದುತ್ತೇನೆ.