ಬಾಟಲಿ ಬ್ರೋಮಿನ್ ಇಲ್ಲದೆ ಸಿನ್ನಾಮಿಕ್ ಆಸಿಡ್ ಡೈಬ್ರೋಮೈಡ್: ನನ್ನ ಅನುಭವ

ಕಲಬುರಗಿಯ ಬೇಸಿಗೆಯಲ್ಲಿ ಲ್ಯಾಬಿನ ಒಳಗೇ 40 ಡಿಗ್ರಿ ಇರುತ್ತದೆ. ಬ್ರೋಮಿನ್ 59ಕ್ಕೇ ಕುದಿಯುತ್ತದೆ. ಬಾಟಲಿ ತೆಗೆಯೋಕೂ ಭಯ, ತರಿಸೋದೂ ಕಷ್ಟ. ಹಾಗಾಗಿ ಬ್ರೋಮೈಡ್ ಮತ್ತು ಬ್ರೋಮೇಟ್ ಬೆರೆಸಿ, ಫ್ಲಾಸ್ಕಿನಲ್ಲೇ ಬ್ರೋಮಿನ್ ಹುಟ್ಟಿಸಬೇಕೆಂದು ಹೊರಟೆ. "ಯಾಕ್ರಿ ಸರ್, ಉಪ್ಪಿನಿಂದ ಡೈಬ್ರೋಮೈಡ್ ಆಗ್ತದೇನ್ರಿ?" ಅಂದರು ಸಹೋದ್ಯೋಗಿಗಳು. ಆಯಿತು, ಚೆನ್ನಾಗಿಯೇ ಆಯಿತು.

ಈ ಪ್ರಯೋಗಕ್ಕೆ ಬಳಸುವ ಸ್ಟಿಲ್ಬೀನ್ ದುಬಾರಿ. ಅದಕ್ಕೆ ಟ್ರಾನ್ಸ್-ಸಿನ್ನಾಮಿಕ್ ಆಸಿಡ್ ಹಿಡಿದೆ. ಒಂದೂವರೆ ಗ್ರಾಂ ಆಸಿಡ್, 25 ಮಿಲಿ ಗ್ಲೇಶಿಯಲ್ ಅಸಿಟಿಕ್ ಆಸಿಡ್, ಪೊಟ್ಯಾಷಿಯಂ ಬ್ರೋಮೇಟ್ ಅರ್ಧ ಗ್ರಾಮಿಗಿಂತ ಚೂರು ಜಾಸ್ತಿ, ಪೊಟ್ಯಾಷಿಯಂ ಬ್ರೋಮೈಡ್ ಎರಡೂವರೆ ಗ್ರಾಂ. 4 ಮೋಲಾರ್ ಸಲ್ಫ್ಯೂರಿಕ್ ಆಸಿಡ್ ನಾಲ್ಕು ಮಿಲಿಯಷ್ಟು, ಹನಿ ಹನಿಯಾಗಿ. ಕಿತ್ತಳೆ ಬಣ್ಣ ಬಂದು ಮಾಯವಾದ ಮೇಲೆಯೇ ಮುಂದಿನ ಹನಿ. ಸಿನ್ನಾಮಿಕ್ ಆಸಿಡ್‌ನ ಡಬಲ್ ಬಾಂಡ್ ಮಂದ, ಕಾರ್ಬಾಕ್ಸಿಲ್ ಗುಂಪು ಎಲೆಕ್ಟ್ರಾನ್ ಎಳೆದುಕೊಂಡಿರುತ್ತದೆ. ಅದಕ್ಕೆ 50 ಡಿಗ್ರಿಯ ನೀರಿನಲ್ಲಿ ಇಟ್ಟಿರಬೇಕು. ಕೊನೆಗೆ ಉಳಿಯುವ ಬಣ್ಣಕ್ಕೆ ಒಂದು ಚಿಟಿಕೆ ಬೈಸಲ್ಫೈಟ್, ಆಮೇಲೆ ಐಸ್ ನೀರಿಗೆ ಸುರಿದರೆ ಬಿಳಿ ಪುಡಿ ಬೀಳುತ್ತದೆ.

ಮೊದಮೊದಲು ಬಂದ ಪುಡಿ ಕಾಯಿಸಿದಾಗ ಚೊಕ್ಕವಾಗಿ ಕರಗಲಿಲ್ಲ, ಮೆತ್ತಗಾಗಿ ಹರಡಿಕೊಂಡಿತು. ಕಾರಣ, ಕೈಗೆ ಸಿಕ್ಕ ಹಳೇ ವಿಧಾನದ ಹಾಳೆಯಲ್ಲಿ ಬ್ರೋಮೈಡ್ ಕಡಿಮೆ ಇತ್ತು. ಒಂದು ಮೋಲ್ ಬ್ರೋಮೇಟಿಗೆ ಐದು ಮೋಲ್ ಬ್ರೋಮೈಡ್ ಇದ್ದರೆ ಪೂರ್ತಿ ಬ್ರೋಮಿನ್ ಆಗುತ್ತದೆ. ಎರಡೇ ಇದ್ದರೆ ಹೈಪೋಬ್ರೋಮಸ್ ಆಸಿಡ್ ಆಗುತ್ತದೆ. ಆಗ, ಒಂದು ಬ್ರೋಮಿನ್ ಡಬಲ್ ಬಾಂಡಿನ ಎರಡೂ ಕಾರ್ಬನ್ ಹಿಡಿದು ಆಗುವ ಬ್ರೋಮೋನಿಯಂ ಉಂಗುರವನ್ನು ಹಿಂಬದಿಯಿಂದ ತೆರೆಯೋದು ಬ್ರೋಮೈಡ್ ಅಲ್ಲ, ನೀರು. ಸಿಗೋದು ಒಂದು ಬ್ರೋಮಿನ್, ಒಂದು OH ಇರುವ ಬ್ರೋಮೋಹೈಡ್ರಿನ್. ಹಾಗಾಗಿಯೇ ನಾನು ಲೆಕ್ಕಕ್ಕಿಂತ ಜಾಸ್ತಿ ಬ್ರೋಮೈಡ್ ಹಾಕೋದು.

ಎರಡು ಬ್ರೋಮಿನ್ ಎದುರುಬದುರು ಮುಖದಿಂದ ಸೇರುವ ಆಂಟಿ ಸೇರ್ಪಡೆಗೆ ಸಾಕ್ಷಿ ಕರಗುವ ಬಿಂದು. ಬ್ರೋಮೋನಿಯಂ ಒಂದು ಮುಖದಲ್ಲಿ ಕೂತಿರುತ್ತದೆ, ಎರಡನೇ ಬ್ರೋಮಿನ್ ಎದುರು ಮುಖದಿಂದ ಫೀನೈಲ್ ಇರುವ ಕಾರ್ಬನ್‌ಗೆ ಬಂದು ಬೀಳುತ್ತದೆ. ಹಾಗಾದರೆ ಸಿಗೋದು ಎರಿಥ್ರೋ ಎಂಬ ರೂಪ, ಅದು 200 ದಾಟಿ ಕರಗುತ್ತದೆ. ಎರಡೂ ಒಂದೇ ಮುಖದಿಂದ ಸೇರಿದ್ದರೆ ಥ್ರಿಯೋ ರೂಪ, ಅದು 90ರ ಆಸುಪಾಸಿನಲ್ಲೇ ಕರಗುತ್ತದೆ. ನನ್ನದು 202, 203 ಅಂತ ತೋರಿಸಿತು. ನೂರು ಡಿಗ್ರಿಗಿಂತ ಜಾಸ್ತಿ ಅಂತರ, ಇನ್ನು ವಾದ ಎಲ್ಲಿ ಅಲ್ವಾ? ಕರಗುವ ಬಿಂದು ನೋಡುವ ಥೀಲೆ ಟ್ಯೂಬಿನಲ್ಲಿ ಲಿಕ್ವಿಡ್ ಪ್ಯಾರಫಿನ್ ಆ ಹೊತ್ತಿಗೆ ಹೊಗೆಯಾಡುತ್ತದೆ, ಸಿಲಿಕೋನ್ ಎಣ್ಣೆಗೆ ದುಡ್ಡು ಹಾಕಿ. ಕೊನೆಯಲ್ಲಿ ನಿಧಾನವಾಗಿ ಕಾಯಿಸಿದರೆ ವಸ್ತು ವಿಭಜನೆಯಾಗಿ ಬಿಂದು ಕೆಳಗಿಳಿಯುತ್ತದೆ.

ಆದರೆ ಎಲ್ಲ ಆಲ್ಕೀನಿಗೂ ಇಷ್ಟು ಚೊಕ್ಕ ಫಲ ಸಿಗಲ್ಲ. ಪಕ್ಕದಲ್ಲಿ ಫೀನೈಲ್ ಇದ್ದಾಗ ಧನ ಚಾರ್ಜ್ ಅದರತ್ತ ವಾಲಿ ಉಂಗುರ ಸಡಿಲವಾಗುತ್ತದೆ. ಸಿಸ್-ಸ್ಟಿಲ್ಬೀನ್‌ನಲ್ಲಿ ಬೆರಕೆ ಬರೋದು ಇದಕ್ಕೇ.

ಮೂರು ಗ್ರಾಂ ಬರಬೇಕಿತ್ತು, ಎರಡು ಗ್ರಾಂ ಚಿಲ್ಲರೆ ಸಿಕ್ಕಿತು. ಮರುಸ್ಫಟಿಕ ಮಾಡುವ ದ್ರಾವಕದ ಅಳತೆ ಮಾತ್ರ ಇಲ್ಲಿ ಬರೆಯಲ್ಲ, ಲ್ಯಾಬಿಗೆ ಬಂದರೆ ತೋರಿಸುತ್ತೇನೆ. ಉಳಿದ ಪುಡಿಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಕಾಯಿಸಿ ನೋಡಿದೆ. ಇಂಗಾಲದ ಡೈಆಕ್ಸೈಡ್ ಬಿಟ್ಟು ಬ್ರೋಮೋಸ್ಟೈರೀನ್ ಆಯಿತು, ಕೋಣೆಯೆಲ್ಲ ಹೂವಿನ ಘಮ. ಅಸಿಟೋನಿನಲ್ಲಿ ಮಾಡಿದರೆ ಅದರ ಸಿಸ್ ರೂಪ ಜಾಸ್ತಿ ಬರಬೇಕು, ಅದನ್ನು ಮುಂದಿನ ಸೆಮಿಸ್ಟರಿನಲ್ಲಿ ಮಾಡುತ್ತೇನೆ.